ನೀರು ಬೆರೆಸಿದ ಮೇಲೆ ಏಳೇ ದಿನ

ರಾಜಾಜಿನಗರದ ನಮ್ಮ ಮೆಡಿಕಲ್ ಶಾಪಿನಲ್ಲಿ ಮಕ್ಕಳ ಆಂಟಿಬಯೋಟಿಕ್ ಪುಡಿಯ ಬಾಟಲಿ ಕೊಡುವಾಗ ನಾನು ಪೆನ್ನು ತೆಗೆದು ಲೇಬಲ್ ಮೇಲೆ ಎರಡು ತಾರೀಕು ಬರೆಯುತ್ತೇನೆ: ನೀರು ಬೆರೆಸಿದ ದಿನ, ಚೆಲ್ಲಬೇಕಾದ ದಿನ. "ಎಕ್ಸ್‌ಪೈರಿ ಡೇಟ್ ಇನ್ನೂ ಒಂದು ವರ್ಷ ಇದೆಯಲ್ಲ ಅಣ್ಣ" ಎಂದು ಕೇಳುವವರು ಬಹಳ. ಡಬ್ಬಿಯ ಮೇಲೆ ಅಚ್ಚಾಗಿರುವ ಆ ತಾರೀಕು ಒಣ ಪುಡಿಗೆ ಮಾತ್ರ. ನೀರು ಬಿದ್ದ ಕ್ಷಣದಿಂದ ಬೇರೆಯೇ ಲೆಕ್ಕ.

ಹೆಚ್ಚು ಗೊಂದಲ ಆಗುವುದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಸಿರಪ್‌ನಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ ಅನ್ನು ಮುರಿದು ಹಾಕುವ ಕಿಣ್ವ ಬಿಡುತ್ತವೆ; ಆ ಕಿಣ್ವವನ್ನು ತಡೆಯುವುದೇ ಕ್ಲಾವುಲನೇಟ್ ಕೆಲಸ. ಆದರೆ ಈ ಕ್ಲಾವುಲನೇಟ್ ನೀರಿನಲ್ಲಿ ತಾನೇ ಒಡೆದುಹೋಗುತ್ತದೆ, ಬೆಚ್ಚಗಿದ್ದರೆ ಇನ್ನೂ ಬೇಗ. ಅದಕ್ಕೇ 2ರಿಂದ 8 ಡಿಗ್ರಿಯಲ್ಲಿ ಇಡಿ, ಬೆರೆಸಿದ ಏಳು ದಿನದೊಳಗೆ ಬಳಸಿ ಎನ್ನುವುದು. "ಬೆಂಗಳೂರೇ ಒಂದು ಫ್ರಿಜ್ ಅಲ್ವಾ" ಎಂದು ನಗುವವರಿದ್ದಾರೆ. ನಮ್ಮ ಡಿಸೆಂಬರ್ ಚಳಿಯಲ್ಲೂ ಅಡುಗೆಮನೆ ಎಂಟು ಡಿಗ್ರಿಗೆ ಇಳಿಯುವುದಿಲ್ಲ. ಏಪ್ರಿಲ್ ಮಾತು ಬಿಡಿ.

ಬೆರೆಸುವುದನ್ನು ಅಂಗಡಿಯಲ್ಲೇ ತೋರಿಸುತ್ತೇನೆ. ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ತಳದಲ್ಲಿ ಗಟ್ಟಿಯಾದ ಪುಡಿ ಸಡಿಲ ಮಾಡಬೇಕು. ಡಬ್ಬಿಯಲ್ಲೇ ನೀರಿನ ಬಾಟಲಿ ಇದ್ದರೆ ಅದನ್ನೇ ಬಳಸಬೇಕು, ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಗೆರೆಯ ಅರ್ಧದವರೆಗೆ ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಗೆರೆಗೆ ತುಂಬಿ ಮತ್ತೆ ಕುಲುಕುವುದು. ಆಗ ನೊರೆ ಏಳುತ್ತದೆ. ನೊರೆ ಗೆರೆ ಮುಟ್ಟಿದ್ದನ್ನು ನೋಡಿ ನಿಲ್ಲಿಸಿದರೆ ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ, ಪ್ರತಿ ಡೋಸೂ ಹೆಚ್ಚಾಗುತ್ತದೆ. ಐದು ನಿಮಿಷ ಬಿಟ್ಟು ನೊರೆ ಕೂತ ಮೇಲೆ ಗೆರೆ ನೋಡಿ, ಕೊರತೆಯಿದ್ದಷ್ಟು ಸೇರಿಸಬೇಕು.

ಈಗ ಲೆಕ್ಕ. ಒಂದು ಮಗುವಿಗೆ ಡಾಕ್ಟರು ದಿನಕ್ಕೆ ಎರಡು ಸಲ 3 ಎಂಎಲ್, ಏಳು ದಿನ ಎಂದು ಬರೆದಿದ್ದರು. ಒಟ್ಟು 42 ಎಂಎಲ್. ಬಾಟಲಿ 30 ಎಂಎಲ್‌ನದ್ದು, ಹಾಗಾಗಿ ಎರಡು ಕೊಟ್ಟೆ. ತಾಯಿ ಎರಡನ್ನೂ ಈಗಲೇ ಬೆರೆಸಿಕೊಡಿ ಎಂದರು. ಬೇಡ ಅಕ್ಕ, ಒಂದು ಸಾಕು ಎಂದೆ. ಸೋಮವಾರ ಬೆಳಗ್ಗೆ ಶುರುವಾದದ್ದು ಶುಕ್ರವಾರ ರಾತ್ರಿಗೆ ಮುಗಿಯುತ್ತದೆ. ಎರಡನೆಯದು ಅಲ್ಲಿಯವರೆಗೆ ಒಣ ಪುಡಿಯಾಗಿಯೇ ಇರಲಿ, ಶನಿವಾರ ಬೆಳಗ್ಗೆ ಬೆರೆಸಿ. ಭಾನುವಾರ ರಾತ್ರಿಗೆ 18 ಎಂಎಲ್ ಉಳಿಯುತ್ತದೆ. ಸೋಮವಾರ ತೋರಿಸಿದಾಗ ಡಾಕ್ಟರು ಇನ್ನೂ ಮೂರು ದಿನ ಕೊಡಿ ಎಂದರೆ ಅದೇ 18 ಎಂಎಲ್ ಸರಿಯಾಗಿ ಸಾಲುತ್ತದೆ, ಏಳು ದಿನವೂ ದಾಟಿರುವುದಿಲ್ಲ. ಎರಡನ್ನೂ ಮೊದಲ ದಿನವೇ ಬೆರೆಸಿದ್ದರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ನಡುವೆ ಊರಿಗೆ ಹೊರಟವರಿಗೂ ಇದೇ ಉಪಾಯ: ಒಣ ಬಾಟಲಿ ಒಯ್ದು ಅಲ್ಲಿ ಬೆರೆಸಿಕೊಳ್ಳಿ, ಐಸ್ ಡಬ್ಬಿ ಹೊತ್ತು ಬಸ್ ಹತ್ತುವ ಪಾಡು ತಪ್ಪುತ್ತದೆ.

ಫ್ರಿಜ್‌ನಲ್ಲಿ ನಡುವಿನ ತಟ್ಟೆಯೇ ಒಳ್ಳೆಯದು. ಬಾಗಿಲಿನಲ್ಲಿ ತೆರೆದಾಗಲೆಲ್ಲ ಬಿಸಿಗಾಳಿ ತಾಗುತ್ತದೆ. ಫ್ರೀಜರ್ ಕೆಳಗಿನ ಟ್ರೇಯಲ್ಲಿ ಹೆಪ್ಪುಗಟ್ಟಬಹುದು. ಹಾಗಾದರೆ ಕರಗಿಸಿದ ಮೇಲೂ ಕಣಗಳು ಗಂಟಾಗಿ ಉಳಿದು ಅಳತೆ ಸಮವಾಗುವುದಿಲ್ಲ. ತಣ್ಣಗಿದೆ ಎಂದು ಮಗು ಉಗಿದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಡಿ. ಕುಲುಕಿ, ಡೋಸ್ ಮಾತ್ರ ಸಿರಿಂಜ್‌ಗೆ ಎಳೆದು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸಾಕು. ಕರೆಂಟ್ ಒಂದೆರಡು ಗಂಟೆ ಹೋದರೆ ಬಾಗಿಲು ಮುಚ್ಚಿಟ್ಟಿದ್ದರೆ ಚಿಂತೆಯಿಲ್ಲ. ರಾತ್ರಿಯಿಡೀ ಹೊರಗೇ ಮರೆತಿದ್ದರೆ ಹೊಸ ಬಾಟಲಿ ತಗೊಳ್ಳಿ ಎನ್ನುತ್ತೇನೆ. ವ್ಯಾಪಾರಕ್ಕೆ ಹೇಳುತ್ತಾನೆ ಅಂದುಕೊಂಡರೂ ಸರಿ.

ಎಲ್ಲ ಆಂಟಿಬಯೋಟಿಕ್‌ಗೂ ಫ್ರಿಜ್ ಎಂದಲ್ಲ. ಕ್ಲಾರಿಥ್ರೋಮೈಸಿನ್ ಸಿರಪ್ಪನ್ನು ಫ್ರಿಜ್‌ನಲ್ಲಿ ಇಡಲೇಬಾರದು, ಗಟ್ಟಿಯಾಗುತ್ತದೆ. ಲೇಬಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ದಿನಗಳ ಲೆಕ್ಕವೂ ಔಷಧಿಯಿಂದ ಔಷಧಿಗೆ ಬೇರೆ.

ಕೆಟ್ಟಿದ್ದು ಕಣ್ಣಿಗೆ ಕಾಣುತ್ತದೆಯೇ? ಮಾಸಲು ಬಿಳಿಯ ದ್ರಾವಣ ಹಳದಿಯಾಗಿ, ಆಮೇಲೆ ಕಂದಾದರೆ ಹೌದು. ಆದರೆ ಬಣ್ಣ ತಿರುಗುವ ಮೊದಲೇ ಶಕ್ತಿ ಇಳಿದಿರಬಹುದು, ಆದ್ದರಿಂದ ನಾನು ಬಣ್ಣಕ್ಕಿಂತ ತಾರೀಕನ್ನೇ ನಂಬುತ್ತೇನೆ.

ಉಳಿದದ್ದನ್ನು ಖಾಲಿ ಮಾಡಲೆಂದು ಡಾಕ್ಟರು ಹೇಳಿದ ದಿನಗಳಾಚೆಗೂ ಕುಡಿಸುವವರಿದ್ದಾರೆ. ತಿಂಗಳ ನಂತರ ಅಣ್ಣನ ಬಾಟಲಿ ತಂಗಿಗೆ ಕೊಡುವವರೂ ಇದ್ದಾರೆ. ಎರಡೂ ಬೇಡ. ಸಿಂಕಿಗೆ ಸುರಿದರೆ ಅದು ಒಳಚರಂಡಿ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಈ ಔಷಧಿಗೆ ಜಗ್ಗದಂತೆ ಬೆಳೆಯಲು ದಾರಿಯಾಗುತ್ತದೆ. ನಮ್ಮ ಮನೆಯಲ್ಲಿ ಗಟ್ಟಿ ಕವರಿಗೆ ಬಳಸಿದ ಕಾಫಿ ಚರಟ ಹಾಕಿ, ಅದರ ಮೇಲೆ ಸಿರಪ್ ಸುರಿದು ಹೀರಿಸಿ, ಬಿಗಿಯಾಗಿ ಗಂಟು ಕಟ್ಟುತ್ತೇವೆ. ಲೇಬಲ್ ಮೇಲಿನ ಮಗುವಿನ ಹೆಸರು ಗೀಚಿ, ಬಾಟಲಿಯನ್ನೂ ಕವರನ್ನೂ ಹಸಿ ಕಸಕ್ಕೆ ಸೇರಿಸದೆ, ಡೈಪರ್, ಬ್ಯಾಂಡೇಜ್ ಹಾಕುವ ಕೆಂಪು ಡಬ್ಬಿಗೆ ಹಾಕಿ ಕಸದ ಗಾಡಿಗೆ ಬೇರೆಯಾಗಿ ಕೊಡುತ್ತೇವೆ.