ಯೋಗ ಶಾಲೆಯ ಸದಸ್ಯರ ಪುಟ: ದುಡ್ಡು ಕಟ್ಟಿದವರಿಗೆ ಬಾಗಿಲು ತೆರೆಯುವುದು ಹೇಗೆ?

ಬೆಳಗ್ಗೆ ಆರು ಗಂಟೆಗೆ ಯೋಗ ಹೇಳಿಕೊಡುವ ಶಿಕ್ಷಕಿಗೆ ಐದೂವರೆಗೇ ಫೋನ್. "ಮೇಡಂ, ನಿನ್ನೆ ದುಡ್ಡು ಕಟ್ಟಿದೀನಿ, ವಿಡಿಯೋ ತೆರೀತಾನೇ ಇಲ್ಲ." ಸಣ್ಣ ಯೋಗ ಶಾಲೆಗಳ ವೆಬ್‌ಸೈಟ್ ಮಾಡಿಕೊಡುವ ನನಗೆ ಈ ದೂರು ಬಾಯಿಪಾಠವಾಗಿದೆ. ತಪ್ಪು ಹೆಚ್ಚಾಗಿ ಒಂದೇ ಜಾಗದಲ್ಲಿ ಇರುತ್ತದೆ. ಅದಕ್ಕೇ ಮಿಕ್ಕ ಹಂತಗಳನ್ನು ಬೇಗ ಮುಗಿಸುತ್ತೇನೆ.

1. ಯಾರು ಯಾರು? ಮೂರೇ ಪಾತ್ರ ಸಾಕು: ಮಾಲೀಕರು, ಶಿಕ್ಷಕರು, ಸದಸ್ಯರು. "ದುಡ್ಡು ಕಟ್ಟಿದ ಸದಸ್ಯ" ಎಂಬ ನಾಲ್ಕನೇ ಪಾತ್ರ ಮಾಡಲೇಬೇಡಿ. ಪಾತ್ರ ಎಂದರೆ ಆ ವ್ಯಕ್ತಿ ಏನು ಮಾಡಬಹುದು ಎಂಬುದು. ದುಡ್ಡು ಎಂದರೆ ಎಲ್ಲಿಯವರೆಗೆ ಎಂಬುದು. ಇವೆರಡನ್ನೂ ಬೆರೆಸಿದ ಒಂದು ಕಡೆ, ಶಿಕ್ಷಕರೊಬ್ಬರು ತಮ್ಮದೇ ಚಂದಾ ನವೀಕರಿಸಲು ಮರೆತರು. ಸೈಟು ಅವರ ಪಾತ್ರವನ್ನೇ ಇಳಿಸಿತು, ಹಾಜರಿ ಪುಟವೂ ಮುಚ್ಚಿಹೋಯಿತು! ಇನ್ನೊಂದು ಮಾತು: ವರ್ಡ್‌ಪ್ರೆಸ್‌ನಲ್ಲಿ Subscriber ಎಂಬ ಪಾತ್ರ ಮೊದಲೇ ಇರುತ್ತದೆ. ಅದಕ್ಕೂ ದುಡ್ಡಿಗೂ ಸಂಬಂಧ ಇಲ್ಲ.

2. ಲಾಗಿನ್. ಇಮೇಲ್‌ಗೆ ಒಂದು ಸಲದ ಕೋಡ್ ಕಳಿಸಿ, ಅಷ್ಟೇ. ಪಾಸ್‌ವರ್ಡ್ ಇಟ್ಟರೆ ಮರೆತವರನ್ನು ಸಂಭಾಳಿಸುವುದೇ ಕೆಲಸವಾಗುತ್ತದೆ. ಎಸ್ಸೆಮ್ಮೆಸ್ಸಿನಲ್ಲಿ ಕೋಡ್ ಬೇಕೆಂದರೆ ಮೊದಲು ಮೊಬೈಲ್ ಕಂಪನಿಗಳ ಬಳಿ ಡಿಎಲ್‌ಟಿ ಎಂಬ ನೋಂದಣಿ ಆಗಬೇಕು. ಚಿಕ್ಕ ಶಾಲೆಗೆ ಅದು ಸುಮ್ನೆ ತಲೆನೋವು.

3. ಚಂದಾ. ನಿಜವಾದ ಕೆಲಸ ಇಲ್ಲೇ ಇರುವುದು. ಪ್ರತಿ ಸದಸ್ಯರ ಹೆಸರಿನ ಮುಂದೆ ಒಂದು ತಾರೀಖು ಇಡಿ, `paid_until`. ಬಾಗಿಲು ಕಾಯುವುದು ಅದೊಂದೇ:

```
allow = now <= paid_until + 3 days
```

ಆ ಮೂರು ದಿನ ನನ್ನ ಹಟ. ಸಂಬಳ ತಡವಾಗಿ ಕಂತು ಕಡಿತವಾಗದಿದ್ದರೆ, ಅವತ್ತೇ ಬಾಗಿಲು ಹಾಕುವುದು ಚೆನ್ನಾಗಿರಲ್ಲ, ಅಲ್ವಾ?

ಈ ತಾರೀಖನ್ನು ಮುಂದೆ ಹಾಕುವವರು ಯಾರು? ಹೆಚ್ಚಿನವರು ಆ ಕೆಲಸವನ್ನು "ಧನ್ಯವಾದ" ಪುಟಕ್ಕೆ ಕೊಟ್ಟಿರುತ್ತಾರೆ. ಒಬ್ಬ ಸದಸ್ಯೆ ಜೂನ್ 5ರಂದು 1,500 ರೂಪಾಯಿ ಕಟ್ಟುತ್ತಾರೆ ಎಂದುಕೊಳ್ಳಿ. ಯುಪಿಐ ಪಿನ್ ಒತ್ತುತ್ತಾರೆ, ದುಡ್ಡು ಹೋಗುತ್ತದೆ, ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಧನ್ಯವಾದ ಪುಟ ತೆರೆಯುವುದೇ ಇಲ್ಲ. ಬೆಳಗ್ಗೆ ಐದೂವರೆಯ ಫೋನ್ ಬರುವುದು ಹೀಗೆ. ಆ ಪುಟದ ವಿಳಾಸ ಗೊತ್ತಾದವರು ಪುಕ್ಕಟೆಯಾಗಿ ಒಳಗೆ ಬರಬಹುದು, ಅದು ಇನ್ನೊಂದು ತೂತು.

ಪಾವತಿ ಸಂಸ್ಥೆಯ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ಕಳಿಸುವ ಸುದ್ದಿಯನ್ನೇ ನಂಬಿ. ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ರೇಜರ್‌ಪೇಯಲ್ಲಾದರೆ ಕಂತು ಜಮೆ ಆದಾಗ `subscription.charged` ಬರುತ್ತದೆ. ಮೊದಲು ಅದರ ಜೊತೆಗಿನ `X-Razorpay-Signature` ಸರಿಯಿದೆಯೇ ನೋಡಿ. ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಸುದ್ದಿ ಕಳಿಸಬಹುದು.

ಮುಂದಿನ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಸುದ್ದಿ ಬಂದ ಕೂಡಲೇ "30 ದಿನ ಸೇರಿಸು" ಎಂದು ಬರೆದಿರುತ್ತಾರೆ. ಒಂದೇ ಸುದ್ದಿ ಎರಡು ಸಲ ಬರುವುದು ಮಾಮೂಲು. ಆಗ 1,500ಕ್ಕೆ ಎರಡು ತಿಂಗಳು ಸಿಕ್ಕಿತು! ಸದಸ್ಯರು ಯಾಕೆ ಹೇಳುತ್ತಾರೆ? ದಿನ ಕೂಡಿಸಬೇಡಿ. ಸುದ್ದಿಯೊಳಗೇ `current_end` ಎಂದು ಈ ಅವಧಿಯ ಕೊನೆ ಇರುತ್ತದೆ. ಅದನ್ನು ಹಾಗೇ `paid_until`ಗೆ ಇಳಿಸಿ. ಹತ್ತು ಸಲ ಬಂದರೂ ತಾರೀಖು ಅದೇ. ಹಳೆಯ ಸುದ್ದಿ ತಡವಾಗಿ ಬಂದರೆ ಮಾತ್ರ ತಾರೀಖನ್ನು ಹಿಂದಕ್ಕೆ ಎಳೆಯಬೇಡಿ. `current_end` ಸೆಕೆಂಡಿನ ಲೆಕ್ಕದಲ್ಲಿದೆ. ಜಾವಾಸ್ಕ್ರಿಪ್ಟ್‌ನಲ್ಲಿ 1000ದಿಂದ ಗುಣಿಸಲು ಮರೆತರೆ ಸದಸ್ಯತ್ವ 1970ರ ಜನವರಿಯಲ್ಲೇ ಮುಗಿದಿರುತ್ತದೆ.

ಹೀಗೆ ಮಾಡಿದರೆ ಚಂದಾ ನಿಲ್ಲಿಸುವುದಕ್ಕೆ ಬೇರೆ ನಿಯಮವೇ ಬೇಡ. ಜೂನ್ 10ಕ್ಕೆ ನಿಲ್ಲಿಸಿದರೂ ಅವರು ಕಟ್ಟಿದ ಅವಧಿ ಮುಗಿಯುವವರೆಗೆ ಬಾಗಿಲು ತೆರೆದೇ ಇರುತ್ತದೆ. ನಿಲ್ಲಿಸಿದ ಕ್ಷಣವೇ ಹೊರಗೆ ಹಾಕುವ ಪ್ಲಗಿನ್‌ಗಳಿವೆ, ಅವುಗಳ ಹತ್ತಿರ ಹೋಗಬೇಡಿ.

ರಿಸರ್ವ್ ಬ್ಯಾಂಕ್ ನಿಯಮದಂತೆ ಕಂತು ತಾನಾಗಿ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕು. ಅದನ್ನು ನೋಡಿ ಮೋಸ ಎಂದುಕೊಂಡು ಆಟೋಪೇ ರದ್ದು ಮಾಡುವವರು ಇದ್ದಾರೆ. ಸೇರುವ ದಿನವೇ ಈ ಬಗ್ಗೆ ಒಂದು ಸಾಲು ತಿಳಿಸಿಬಿಡಿ.

4. ವಿಡಿಯೋ. ಯೂಟ್ಯೂಬ್‌ನ ಅನ್‌ಲಿಸ್ಟೆಡ್ ಲಿಂಕ್ ಬೇಡ. ಒಬ್ಬರು ವಾಟ್ಸ್ಆ್ಯಪ್‌ಗೆ ಹಾಕಿದರೆ ಮುಗೀತು.

5. ಪರೀಕ್ಷೆ. ಟೆಸ್ಟ್ ಮೋಡ್‌ನಲ್ಲಿ ದುಡ್ಡು ಕಟ್ಟಿ, ತಕ್ಷಣ ಬ್ರೌಸರ್ ಮುಚ್ಚಿ. ಬೇರೆ ಫೋನಿನಲ್ಲಿ ಲಾಗಿನ್ ಆಗಿ, ಬಾಗಿಲು ತೆರೆದಿರಬೇಕು. ಅದೇ ಸುದ್ದಿಯನ್ನು ಇನ್ನೊಮ್ಮೆ ಕಳಿಸಿ, ತಾರೀಖು ಅಲ್ಲಾಡಬಾರದು. ಕೊನೆಗೆ ಒಬ್ಬ ಶಿಕ್ಷಕರ ತಾರೀಖನ್ನು ಹೋದ ವಾರಕ್ಕೆ ಹಾಕಿ ನೋಡಿ: ವಿಡಿಯೋ ಮುಚ್ಚಬೇಕು, ಹಾಜರಿ ಪುಟ ತೆರೆದೇ ಇರಬೇಕು.