ಸ್ಕೂಲ್ ಟ್ರಿಪ್ ಮೊದಲು, ಆಪ್, ಪಾರ್ಸೆಲ್ ಆಮೇಲೆ

ಸ್ವಂತ ಆಟೋ ಇರೋರಿಗೆ ನನ್ನ ಅನುಭವದ್ದು ಒಂದು ಮಾತು. ನಾನು ಬೆಂಗಳೂರಿನ ವಿಜಯನಗರದಲ್ಲಿ ಓಡ್ಸೋದು, ಮೊದಲು ಮೂರು ಆಪ್ ಹಾಕ್ಕೊಂಡು ಬಂದಿದ್ದೆಲ್ಲ ಎತ್ತುತಿದ್ದೆ, ಗ್ಯಾಸ್‌ಗೇ ಹೋಗ್ತಿತ್ತು. ಈಗ ಸ್ಕೂಲ್ ಟ್ರಿಪ್ ಫಿಕ್ಸ್ ಮಾಡ್ಕೊಂಡು ಉಳಿದಿದ್ದನ್ನ ಅದರ ಸುತ್ತ ಹೊಂದಿಸ್ತೀನಿ. ಒಂದೇ ಏರಿಯಾದ 6 ಪುಟ್ಟ ಮಕ್ಕಳು, ತಲೆಗೆ 1500, ತಿಂಗಳಿಗೆ 9000, ದಿನಕ್ಕೆ 14 ಕಿಮೀ ಅಷ್ಟೇ. ಏಳನೇ ಮಗು ಮಾತ್ರ ಬೇಡ, ಡ್ರೈವರ್ ಸೀಟ್ ಪಕ್ಕ ಅಂತೂ ಬೇಡವೇ ಬೇಡ.

ಎಂಟೂವರೆಗೆ ಮಕ್ಕಳನ್ನ ಇಳಿಸಿ ಅಲ್ಲೇ ಆಪ್ ಆನ್ ಮಾಡಿದ್ರೆ ಆಫೀಸ್ ಟೈಮು, ಕಾಯೋದೇ ಇಲ್ಲ. 11ರಿಂದ ಡಲ್, ಆಗ ಪಾರ್ಸೆಲ್.

ಪಾರ್ಸೆಲ್‌ಲ್ಲಿ ಮೋಸ ಹೋಗೋದು ಇಲ್ಲೇ ನೋಡಿ: 8 ಕಿಮೀಗೆ 110 ಅಂತ ತೋರಿಸುತ್ತೆ, ಆದ್ರೆ ಎತ್ಕೊಳಕ್ಕೆ 2 ಕಿಮೀ, ವಾಪಸ್ ಖಾಲಿ 8, ಒಟ್ಟು 18 ಕಿಮೀ ಆಯ್ತು, ಅಂದ್ರೆ ಕಿಮೀಗೆ 6 ರೂಪಾಯಿ ಚಿಲ್ಲರೆ. ಮೀಟರ್ ರೇಟೇ 18 ಇದೆಯಲ್ಲಾ! ಅದಕ್ಕೆ ವಾಪಸ್ ಬಾಡಿಗೆ ಸಿಗೋ ಕಡೆ ಇದ್ರೆ ಮಾತ್ರ ಒಪ್ಕೊಳ್ಳಿ.

ಮಕ್ಕಳನ್ನ ವಾಪಸ್ ಕರ್ಕೊಂಡ್ ಬರಕ್ಕೆ ಎರಡೂಕಾಲಿಗೆ ಆಪ್ ಆಫ್. ಒಂದ್ಸಲ ದುರಾಸೆಗೆ ಬಿದ್ದು ಟ್ರಾಫಿಕ್‌ಲ್ಲಿ ಸಿಕ್ಕಾಕೊಂಡೆ, ಮಕ್ಕಳು ಅರ್ಧ ಗಂಟೆ ಗೇಟಲ್ಲೇ ನಿಂತಿದ್ರು, ಒಂದು ಮನೆಯೋರು ಬಿಟ್ಟೇಬಿಟ್ರು. ಏಪ್ರಿಲ್-ಮೇ ರಜಾ ದುಡ್ಡಿನ ವಿಷ್ಯ ಜೂನ್‌ಲ್ಲೇ ಮಾತಾಡ್ಕೊಳ್ಳಿ.