ಮಂಡಿಗೆ ಹಾಕುವ ನೀ-ಕ್ಯಾಪ್‌ನ ಸೈಜ್ ಎರಡರ ಮಧ್ಯೆ ಬಂದ್ರೆ ಯಾವುದು ತಗೋಬೇಕು?

ಮೊದಲು ಪ್ಯಾಕೆಟ್ ಮೇಲಿನ ಚಿತ್ರ ನೋಡಿ. ಕೆಲವು ಕಂಪನಿಗಳು ಮಂಡಿಚಿಪ್ಪಿನ ಮೇಲೆಯೇ ಅಳೆಯಲು ಹೇಳುತ್ತವೆ, ಕೆಲವು ಅದಕ್ಕಿಂತ ಮೇಲೆ, ತೊಡೆಯ ಹತ್ತಿರ. ಟೈಲರ್ ಟೇಪನ್ನು ಬಿಗಿಯದೆ ಸುತ್ತಿ, ಸಂಜೆ ಅಳೆಯಿರಿ. ಊತ ಇರುವವರಿಗೆ ಆಗ ಸುತ್ತಳತೆ ಜಾಸ್ತಿ ಇರುತ್ತದೆ.

ಉದಾಹರಣೆಗೆ ಚಾರ್ಟಿನಲ್ಲಿ ಮೀಡಿಯಂ 38 ಸೆಂ.ಮೀ.ಗೆ ಮುಗಿದು ಲಾರ್ಜ್ ಅಲ್ಲಿಂದಲೇ ಶುರುವಾಗುತ್ತದೆ ಅಂದುಕೊಳ್ಳಿ. ಬೆಳಿಗ್ಗೆ 38, ಸಂಜೆ 39 ಬಂದರೆ, ಎಳೆದು ಹಾಕುವ ಮಾದರಿಯಲ್ಲಿ ಲಾರ್ಜೇ ಸರಿ. ಚಿಕ್ಕದು ಹೆಚ್ಚು ಬಿಗಿ ಹಿಡಿಯುತ್ತೆ ಅಂತ ಸುಮ್ನೆ ತಗೊಂಡರೆ, ಕೂತಾಗ ಮೇಲಿನ ಅಂಚು ಸುರುಳಿ ಸುತ್ತಿ ತೊಡೆಗೆ ಕಚ್ಚುತ್ತದೆ.

ವೆಲ್ಕ್ರೋ ಪಟ್ಟಿಯದಾದರೆ ಲೆಕ್ಕ ಬೇರೆ. ಪಟ್ಟಿ ತುದಿಯಲ್ಲಷ್ಟೇ ಅಂಟಿದರೆ ದೊಡ್ಡದು ಬೇಕು. ಪೂರ್ತಿ ಎಳೆದರೂ ಸಡಿಲವಿದ್ದರೆ ಚಿಕ್ಕದು.

ಹಾಕಿಕೊಂಡು ಸ್ವಲ್ಪ ನಡೆಯಿರಿ. ಜಾರಿದರೆ ದೊಡ್ಡದಾಯಿತು. ಪಾದ ಜುಮ್ಮೆಂದರೆ, ತಣ್ಣಗಾದರೆ ತಕ್ಷಣ ಬಿಚ್ಚಿ.